ಉಪ್ಪುನೀರಿಗೆ ನೋವು ಯಾಕೆ ಕಡಿಮೆಯಾಗುತ್ತದೆ? ಪ್ಲಸೀಬೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನರರೋಗಗಳ ಹೊಸ ಔಷಧಿಗಳನ್ನು ಪರೀಕ್ಷಿಸುವ ಟ್ರಯಲ್‌ಗಳಲ್ಲಿ ನಾನು ಹಲವು ವರ್ಷ ಸಂಯೋಜಕಿಯಾಗಿ ಕೆಲಸ ಮಾಡಿದ್ದೇನೆ. ಒಪ್ಪಿಗೆ ಪತ್ರ ಓದಿ ಹೇಳುವುದು, ವಾಪಸ್ ತಂದ ಮಾತ್ರೆ ಎಣಿಸುವುದು, ಮನೆಯವರ ಫೋನ್ ಎತ್ತುವುದು ನನ್ನ ಕೆಲಸ. ಒಪ್ಪಿಗೆ ಪತ್ರದಲ್ಲಿ "ನಿಮಗೆ ಪ್ಲಸೀಬೊ ಬರಬಹುದು" ಎಂಬ ಸಾಲಿಗೆ ಬಂದ ತಕ್ಷಣ ಹೆಚ್ಚಿನವರು ಕೈ ತೋರಿಸಿ ನಿಲ್ಲಿಸುತ್ತಾರೆ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಪ್ಲಸೀಬೊ ಅಂದರೆ ಏನು?

ನೋಡಲು ಔಷಧಿಯ ಹಾಗೇ ಇರುತ್ತದೆ, ಒಳಗೆ ಔಷಧಿ ಇರುವುದಿಲ್ಲ. ಮಾತ್ರೆಯಾದರೆ ಸಕ್ಕರೆಯೋ ಹಿಟ್ಟೋ. ಇಂಜೆಕ್ಷನ್ ಆದರೆ ಉಪ್ಪುನೀರು, ಅಂದರೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಲೈನ್. ಟ್ರಯಲ್‌ನಲ್ಲಿ ಅದರ ಬಣ್ಣ, ಗಾತ್ರ, ಬಾಟಲಿ, ಚೀಟಿ ಎಲ್ಲವೂ ನಿಜವಾದ ಔಷಧಿಯ ಹಾಗೇ ಇರಬೇಕು. ರುಚಿ ಕೂಡ. ಒಂದು ಕಹಿಯಾಗಿದ್ದು ಇನ್ನೊಂದು ಸಪ್ಪೆಯಾಗಿದ್ದರೆ ಎರಡನೇ ದಿನಕ್ಕೇ ಎಲ್ಲ ಬಯಲಾಗುತ್ತದೆ.

ಅದರಿಂದ ನೋವು ಕಡಿಮೆಯಾದರೆ, ಆ ನೋವು ಬರೀ ಮನಸ್ಸಿನ ಭ್ರಮೆ ಅಂತಾನಾ?

ಅಲ್ಲ. ಈ ಮಾತಿನಿಂದ ಎಷ್ಟೋ ರೋಗಿಗಳು ನೊಂದುಕೊಂಡಿದ್ದಾರೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1970ರ ದಶಕದ ಕತೆ. ಮಾರ್ಫಿನ್ ಬಂದು ಕೂರುವ ಜಾಗಗಳು ಮಿದುಳಿನಲ್ಲಿ ಇವೆ ಎಂದು 1973ರಲ್ಲಿ ತಿಳಿಯಿತು. ಗಸಗಸೆ ಗಿಡದ ಹಾಲಿನಿಂದ ಬರುವ ವಸ್ತುವಿಗೆ ನಮ್ಮ ತಲೆಯೊಳಗೆ ಪೀಠ ಯಾಕಿರಬೇಕು? ದೇಹವೇ ಅಂಥದ್ದೇನನ್ನೋ ತಯಾರಿಸುತ್ತಿರಬೇಕು, ಅಲ್ವಾ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಅದನ್ನು ಕಂಡುಹಿಡಿದರು. ಮಿದುಳು ತಾನೇ ಮಾಡಿಕೊಳ್ಳುವ ಈ ನೋವುನಿವಾರಕಗಳ ಗುಂಪನ್ನು ನಾವು ಸಾಮಾನ್ಯವಾಗಿ ಎಂಡಾರ್ಫಿನ್ ಎನ್ನುತ್ತೇವೆ.

ಮೂರು ವರ್ಷದ ನಂತರ, 1978ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ಲೆವಿನ್, ನ್ಯೂಟನ್ ಗಾರ್ಡನ್ ಮತ್ತು ಹೊವಾರ್ಡ್ ಫೀಲ್ಡ್ಸ್ ಒಂದು ಸರಳ ಪ್ರಶ್ನೆ ಕೇಳಿದರು. ಪ್ಲಸೀಬೊ ಕೊಟ್ಟಾಗ ನೋವು ತಗ್ಗುವುದು ಈ ಎಂಡಾರ್ಫಿನ್‌ನಿಂದಲೇ ಇರಬಹುದೇ? ಅವರು ಆರಿಸಿಕೊಂಡದ್ದು ಬುದ್ಧಿಹಲ್ಲು ಕೀಳಿಸಿಕೊಂಡವರನ್ನು. ವಸಡಿನೊಳಗೆ ಸಿಕ್ಕಿಕೊಂಡ ಹಲ್ಲನ್ನು ಕೊಯ್ದು ತೆಗೆದ ಮೇಲೆ, ಮರಗಟ್ಟಿದ್ದು ಬಿಡುತ್ತಾ ಬಂದ ಹಾಗೆ ದವಡೆ ಸಿಡಿಯಲು ಶುರುವಾಗುತ್ತದೆ. ಕೀಳಿಸಿಕೊಂಡವರಿಗೆ ಗೊತ್ತು.

ಹಲ್ಲು ತೆಗೆದು ಮೂರು ಗಂಟೆಯಾದ ಮೇಲೆ ಅವರ ಕೈಗೆ ಚುಚ್ಚಿದ್ದ ನಳಿಕೆಯ ಮೂಲಕ ಮೊದಲ ಔಷಧಿ ಕೊಟ್ಟರು. ಅದು ಮಾರ್ಫಿನ್ ಇರಬಹುದು, ಪ್ಲಸೀಬೊ ಇರಬಹುದು, ನಲೋಕ್ಸೋನ್ ಇರಬಹುದು ಎಂದಷ್ಟೇ ಅವರಿಗೆ ಹೇಳಿದ್ದರು. ಯಾವುದು ಎಂದು ಯಾರಿಗೂ ಹೇಳಲಿಲ್ಲ. ಪ್ಲಸೀಬೊ ಪಡೆದವರಲ್ಲಿ ಕೆಲವರ ನೋವು ತಗ್ಗಿತು ಅಥವಾ ಏರದೆ ನಿಂತಿತು. ಇನ್ನು ಕೆಲವರದು ಏರುತ್ತಲೇ ಹೋಯಿತು. ಒಂದು ಗಂಟೆ ಬಿಟ್ಟು ಎರಡನೇ ಸಲ ನಲೋಕ್ಸೋನ್ ಕೊಟ್ಟರು.

ನಲೋಕ್ಸೋನ್ ಏನು ಮಾಡುತ್ತದೆ ಅಂದರೆ, ಮಾರ್ಫಿನ್ ಕೂರುವ ಪೀಠದ ಮೇಲೆ ತಾನು ಹೋಗಿ ಕೂತುಬಿಡುತ್ತದೆ. ಕೂತು ಸುಮ್ನೆ ಇರುತ್ತದೆ. ಅಫೀಮಿನ ಜಾತಿಯ ಔಷಧಿ ಜಾಸ್ತಿಯಾಗಿ ಉಸಿರು ನಿಲ್ಲುತ್ತಿರುವವರನ್ನು ಉಳಿಸಲು ಆಸ್ಪತ್ರೆಗಳಲ್ಲಿ ಕೊಡುವುದು ಇದನ್ನೇ.

ಆಗ ಆದದ್ದು ಇಷ್ಟು. ಪ್ಲಸೀಬೊದಿಂದ ಆರಾಮ ಕಂಡಿದ್ದವರಿಗೆ ನೋವು ಮತ್ತೆ ಏರಿ, ಆರಾಮ ಕಾಣದವರ ಮಟ್ಟಕ್ಕೆ ಬಂತು. ಮೊದಲೇ ಆರಾಮ ಕಾಣದವರಿಗೆ ನಲೋಕ್ಸೋನ್‌ನಿಂದ ನೋವು ಇನ್ನಷ್ಟು ಹೆಚ್ಚಲಿಲ್ಲ. ಬರೀ ಭ್ರಮೆಯಾಗಿದ್ದರೆ ಅದನ್ನು ಒಂದು ರಾಸಾಯನಿಕ ಹೀಗೆ ತಡೆಯುವುದು ಕಷ್ಟ. ತಡೆಯಿತು ಅಂದ ಮೇಲೆ, ಅಲ್ಲಿ ತಡೆಯುವಂಥದ್ದೇನೋ ಕೆಲಸ ಮಾಡುತ್ತಿತ್ತು.

ಆ ಅಧ್ಯಯನದಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಏನನ್ನೂ ಕೊಡದೆ ನೋವನ್ನು ಮಾತ್ರ ಅಳೆಯುತ್ತಾ ಹೋದ ಗುಂಪು ಇರಲಿಲ್ಲ. ಹಾಗಾಗಿ "ಆರಾಮ ಕಂಡವರು" ಎನಿಸಿಕೊಂಡವರಲ್ಲಿ ಎಷ್ಟು ಜನರ ನೋವು ತಾನಾಗಿಯೇ ಇಳಿಯುತ್ತಿತ್ತು ಎಂದು ಹೇಳುವಂತಿರಲಿಲ್ಲ. ಟೀಕೆಗಳು ಬಂದವು, ನ್ಯಾಯವಾಗಿಯೇ ಬಂದವು. ಮುಂದಿನವರು ಆ ಕೊರತೆ ತುಂಬಿಸಿ ಮಾಡಿದ ಪ್ರಯೋಗಗಳಲ್ಲೂ ನಲೋಕ್ಸೋನ್ ಪ್ಲಸೀಬೊದ ಆರಾಮವನ್ನು ತಗ್ಗಿಸಿತು. ಆದರೆ ಎಲ್ಲ ಸಲವೂ ಪೂರ್ತಿ ಅಳಿಸಲಿಲ್ಲ. ಯಾಕೆ ಎಂಬುದು ಕೆಳಗೆ ಬರುತ್ತದೆ.

ಮಿದುಳು ನೋವನ್ನು ತಗ್ಗಿಸುವುದು ಹೇಗೆ?

ನೋವಿನ ಸುದ್ದಿ ಗಾಯದಿಂದ ಬೆನ್ನುಹುರಿಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಮೇಲಿನಿಂದ ಕೆಳಕ್ಕೆ ಬರುವ ಇನ್ನೊಂದು ದಾರಿ ಇದೆ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಹಣೆಯ ಹಿಂದಿನ ಭಾಗ "ಈಗ ಆರಾಮ ಬರುತ್ತದೆ" ಎಂದು ಅಂದಾಜು ಕಟ್ಟುತ್ತದೆ. ಅದು ಮಿದುಳಿನ ನಡುಭಾಗದಲ್ಲಿರುವ, ಎಂಡಾರ್ಫಿನ್ ಕೆಲಸ ಮಾಡುವ ಒಂದು ಸಣ್ಣ ಜಾಗಕ್ಕೆ ಸುದ್ದಿ ಕಳಿಸುತ್ತದೆ. ಅಲ್ಲಿಂದ ಮಿದುಳಿನ ಬುಡಕ್ಕೆ, ಬುಡದಿಂದ ಬೆನ್ನುಹುರಿಗೆ. ಅಲ್ಲಿ ಮೇಲೇರಬೇಕಿದ್ದ ನೋವಿನ ಸುದ್ದಿಯನ್ನು ತೂಬು ಇಳಿಸಿ ನೀರು ತಡೆದ ಹಾಗೆ ತಡೆಯುತ್ತದೆ.

2009ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಫಾಲ್ಕ್ ಐಪರ್ಟ್ ಮತ್ತು ಜೊತೆಗಾರರು ಇದನ್ನು ಸ್ಕ್ಯಾನ್‌ನಲ್ಲಿ ನೋಡಿದರು. ತೋಳಿಗೆ ಬಿಸಿ ತಾಗಿಸಿ, ಔಷಧಿಯಿಲ್ಲದ ಮುಲಾಮನ್ನು ನೋವಿನ ಮುಲಾಮು ಎಂದು ಹಚ್ಚಿದಾಗ, ಬೆನ್ನುಹುರಿಯಲ್ಲೇ ನೋವಿನ ಚಟುವಟಿಕೆ ಕಡಿಮೆಯಾಗಿತ್ತು. ಅಂದರೆ ನೋವನ್ನು ಪೂರ್ತಿ ಅನುಭವಿಸಿ ಬಾಯಲ್ಲಿ ಮಾತ್ರ "ಪರವಾಗಿಲ್ಲ" ಅನ್ನುತ್ತಿದ್ದರು ಎಂದು ಹೇಳಲು ಬರುವುದಿಲ್ಲ. ಸುದ್ದಿ ಮಿದುಳು ಮುಟ್ಟುವ ಮೊದಲೇ ತಗ್ಗಿತ್ತು.

ಈ ನಿರೀಕ್ಷೆ ಹುಟ್ಟುವುದು ಎಲ್ಲಿಂದ? "ಕೈಗುಣ" ಅನ್ನುತ್ತಾರಲ್ಲ, ಅದೇನಾ?

ಹೌದು, ಕೈಗುಣದ ಒಂದು ಭಾಗ ಇದೇ ಎಂದು ನಾನು ನಂಬುತ್ತೇನೆ. ನಮ್ಮ ಊರಿನಲ್ಲಿ ಒಬ್ಬ ಡಾಕ್ಟರ್ ಇದ್ದರು. ಸಂಜೆ ಅವರ ಕ್ಲಿನಿಕ್ಕಿನ ಬೆಂಚಿನ ಮೇಲೆ ಜಾಗ ಸಿಗುತ್ತಿರಲಿಲ್ಲ. ನನ್ನ ಅಜ್ಜಿ ಒಳಗೆ ಹೋಗಿ, ಸ್ಟೆತಾಸ್ಕೋಪ್ ಬೆನ್ನಿಗೆ ತಾಗಿಸಿಕೊಂಡು, "ಏನಾಗಲ್ಲ ಅಮ್ಮ, ರಾತ್ರಿ ನಿದ್ದೆ ಬರುತ್ತೆ ಹೋಗಿ" ಎನ್ನಿಸಿಕೊಂಡು ಬಂದರೆ, ಮಾತ್ರೆ ನುಂಗುವ ಮೊದಲೇ ಮುಖ ಸಡಿಲವಾಗುತ್ತಿತ್ತು.

ಇದನ್ನು ಅಳೆಯುವ ಒಂದು ಜಾಣ ದಾರಿ ಇಟಲಿಯ ಟ್ಯೂರಿನ್‌ನ ಫ್ಯಾಬ್ರಿಜಿಯೋ ಬೆನೆಡೆಟ್ಟಿ ಅವರ ತಂಡದ ಕೆಲಸದಿಂದ ಹೆಚ್ಚು ಹೆಸರಾಯಿತು. ಆಪರೇಷನ್ ಆದವರಿಗೆ ನೋವಿನ ಔಷಧಿಯನ್ನು ಎರಡು ರೀತಿಯಲ್ಲಿ ಕೊಡುವುದು. ಒಂದು ಗುಂಪಿಗೆ ಡಾಕ್ಟರ್ ಹಾಸಿಗೆ ಪಕ್ಕ ನಿಂತು "ಈಗ ನೋವಿನ ಇಂಜೆಕ್ಷನ್ ಕೊಡ್ತಿದ್ದೀನಿ" ಎಂದು ಹೇಳಿ ಕೊಡುತ್ತಾರೆ. ಇನ್ನೊಂದು ಗುಂಪಿಗೆ ಡ್ರಿಪ್‌ಗೆ ಸೇರಿಸಿದ ಯಂತ್ರ, ಯಾರೂ ಹೇಳದೆ, ಅದೇ ಔಷಧಿಯನ್ನು ಅಷ್ಟೇ ಪ್ರಮಾಣದಲ್ಲಿ ಬಿಡುತ್ತದೆ. ಹೇಳಿ ಕೊಟ್ಟದ್ದು ಹೆಚ್ಚು ಕೆಲಸ ಮಾಡುತ್ತದೆ. ಆ ಎರಡರ ನಡುವಿನ ಅಂತರವೇ ನಿರೀಕ್ಷೆಯ ಪಾಲು. ಇಲ್ಲಿ ಪ್ಲಸೀಬೊ ಕೊಡುವ ಅಗತ್ಯವೇ ಬೀಳಲಿಲ್ಲ ನೋಡಿ.

ಮಾತಿನಷ್ಟೇ ಮುಖ್ಯ ಹಿಂದಿನ ಅನುಭವ. 1999ರಲ್ಲಿ ಮಾರ್ಟಿನಾ ಅಮಾಂಜಿಯೋ ಮತ್ತು ಬೆನೆಡೆಟ್ಟಿ ತೋಳಿಗೆ ಪಟ್ಟಿ ಬಿಗಿದು ನೋವು ಬರಿಸುವ ಪ್ರಯೋಗ ಮಾಡಿದರು. ಎರಡು ದಿನ ಮಾರ್ಫಿನ್ ಕೊಟ್ಟು ಮೂರನೇ ದಿನ ಮಾರ್ಫಿನ್ ಎಂದು ಹೇಳಿ ಉಪ್ಪುನೀರು ಕೊಟ್ಟರೆ, ಅದು ನೋವು ತಗ್ಗಿಸಿತು, ಮತ್ತು ನಲೋಕ್ಸೋನ್ ಅದನ್ನು ತಡೆಯಿತು. ಮಾರ್ಫಿನ್ ಬದಲು ಕೆಟೋರೊಲ್ಯಾಕ್ ಎಂಬ ಬೇರೆ ಜಾತಿಯ ನೋವಿನ ಔಷಧಿ ಎರಡು ದಿನ ಕೊಟ್ಟಿದ್ದರೆ, ಮೂರನೇ ದಿನದ ಉಪ್ಪುನೀರಿನ ಆರಾಮವನ್ನು ನಲೋಕ್ಸೋನ್ ಪೂರ್ತಿ ತಡೆಯಲಿಲ್ಲ. ದೇಹ ಹಿಂದೆ ನಡೆದ ದಾರಿಯಲ್ಲೇ ಮತ್ತೆ ನಡೆದಿತ್ತು. 2011ರಲ್ಲಿ ಅದೇ ತಂಡ ಈ ಎರಡನೇ ದಾರಿಯೂ ಯಾವುದೆಂದು ತೋರಿಸಿತು. ಗಾಂಜಾದಲ್ಲಿರುವಂಥ, ಆದರೆ ದೇಹವೇ ಮಾಡಿಕೊಳ್ಳುವ ವಸ್ತುಗಳ ದಾರಿ ಅದು. ನಲೋಕ್ಸೋನ್ ಎಲ್ಲ ಪ್ಲಸೀಬೊ ಪರಿಣಾಮವನ್ನೂ ಅಳಿಸದಿರುವುದಕ್ಕೆ ಇದೊಂದು ಕಾರಣ.

ನಿಜವಾದ ಔಷಧಿ ತೆಗೆದುಕೊಳ್ಳುವವರಿಗೂ ಇದು ಅನ್ವಯಿಸುತ್ತದೆಯೇ?

ತುಂಬಾ ಅನ್ವಯಿಸುತ್ತದೆ. 2011ರಲ್ಲಿ ಉಲ್ರಿಕೆ ಬಿಂಗೆಲ್ ಮತ್ತು ಜೊತೆಗಾರರು 22 ಆರೋಗ್ಯವಂತರ ಕಾಲಿಗೆ ಬಿಸಿ ತಾಗಿಸಿ, 0ರಿಂದ 100ರವರೆಗೆ ನೋವಿಗೆ ಅಂಕ ಕೊಡಲು ಕೇಳಿದರು. ಔಷಧಿ ಇಲ್ಲದಾಗ ಸರಾಸರಿ 66. ರೆಮಿಫೆಂಟನಿಲ್ ಎಂಬ ಬಲವಾದ ನೋವುನಿವಾರಕವನ್ನು ಹೇಳದೆ ಬಿಟ್ಟಾಗ 55. "ಈಗ ಔಷಧಿ ಹೋಗುತ್ತಿದೆ" ಎಂದು ಹೇಳಿದಾಗ 39. ಆಮೇಲೆ "ಔಷಧಿ ನಿಲ್ಲಿಸಿದ್ದೇವೆ, ನೋವು ಹೆಚ್ಚಾಗಬಹುದು" ಎಂದರು. ನಿಜವಾಗಿ ಔಷಧಿ ನಿಂತಿರಲಿಲ್ಲ, ಅಷ್ಟೇ ಪ್ರಮಾಣದಲ್ಲಿ ಹೋಗುತ್ತಲೇ ಇತ್ತು. ಆದರೂ ಅಂಕ 64ಕ್ಕೆ ಏರಿತು.

ಕೊನೆಯ ಅಂಕ ನನ್ನನ್ನು ಈಗಲೂ ಕಾಡುತ್ತದೆ. ರಕ್ತದಲ್ಲಿ ಬಲವಾದ ಔಷಧಿ ಇದ್ದೂ, ಒಂದು ಮಾತಿನಿಂದ ಅದರ ಲಾಭ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ಕೆಟ್ಟದ್ದನ್ನು ನಿರೀಕ್ಷಿಸಿದಾಗ ಕೆಟ್ಟದ್ದೇ ಆಗುವ ಈ ಪರಿಣಾಮಕ್ಕೆ ನೊಸೀಬೊ ಎನ್ನುತ್ತಾರೆ. ಮಾತ್ರೆ ಡಬ್ಬಿಯೊಳಗಿನ ಚೀಟಿಯಲ್ಲಿ ಅಡ್ಡಪರಿಣಾಮಗಳ ಪಟ್ಟಿ ಓದಿದ ದಿನವೇ ತಲೆ ಸುತ್ತು ಬಂದವರನ್ನು ನಾನು ಎಷ್ಟೋ ನೋಡಿದ್ದೇನೆ. ಅವರು ನಾಟಕ ಮಾಡುತ್ತಿರುವುದಿಲ್ಲ. ಅವರಲ್ಲಿ ಕೆಲವರಿಗೆ ಉಪ್ಪುನೀರು ಅಥವಾ ಹಿಟ್ಟಿನ ಮಾತ್ರೆ ಬಂದಿತ್ತು ಎಂದು ಆಮೇಲೆ ತಿಳಿದಿದೆ, ತಲೆ ಸುತ್ತು ಮಾತ್ರ ನಿಜವಾಗಿತ್ತು.

ಬರೀ ನೋವಿಗಾ, ಬೇರೆ ನರರೋಗಗಳಿಗೂ ಹೀಗಾಗುತ್ತದೆಯೇ?

ಪಾರ್ಕಿನ್ಸನ್ ಕಾಯಿಲೆಯಲ್ಲಿ ಇದು ಎದ್ದು ಕಾಣುತ್ತದೆ. ಆ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಡೋಪಮೈನ್ ನಡೆದಾಡಲು ಹೇಗೆ ಬೇಕೋ, "ಏನೋ ಒಳ್ಳೆಯದು ಬರುತ್ತಿದೆ" ಎಂಬ ನಿರೀಕ್ಷೆಗೂ ಹಾಗೇ ಬೇಕು. 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ರೌಲ್ ಡೆ ಲಾ ಫುಯೆಂಟೆ-ಫರ್ನಾಂಡಿಸ್ ಮತ್ತು ಜೊತೆಗಾರರು ಪಾರ್ಕಿನ್ಸನ್ ಇರುವವರಿಗೆ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ಮಿದುಳಿನ ಪೆಟ್ ಸ್ಕ್ಯಾನ್ ತೆಗೆದರು. ಉಳಿದಿದ್ದ ನರಕೋಶಗಳಿಂದಲೇ ಡೋಪಮೈನ್ ಹೊರಬಂದಿತ್ತು.

ಅದೇ ಊರಿನಿಂದ 2010ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ರೋಗಿಗಳಿಗೆ "ನಿಮಗೆ ನಿಜವಾದ ಔಷಧಿ ಬರುವ ಸಾಧ್ಯತೆ ಶೇ 25", ಕೆಲವರಿಗೆ 50, ಕೆಲವರಿಗೆ 75, ಕೆಲವರಿಗೆ 100 ಎಂದು ಹೇಳಿದರು. ಕೊಟ್ಟದ್ದು ಎಲ್ಲರಿಗೂ ಪ್ಲಸೀಬೊ. ಡೋಪಮೈನ್ ಗಮನಿಸುವಷ್ಟು ಹೊರಬಂದದ್ದು 75 ಎಂದು ಹೇಳಿಸಿಕೊಂಡವರಲ್ಲಿ. ಆಸೆ ಬಲವಾಗಿದ್ದು, ಸ್ವಲ್ಪ ಅನುಮಾನವೂ ಇದ್ದಾಗ. ಈ ಮಾತನ್ನು ನೆನಪಿಡಿ. ಟ್ರಯಲ್‌ಗೆ ಸೇರಿದವರ ಮನಸ್ಸು ಬಹಳ ಸಲ ಹೀಗೇ ಇರುತ್ತದೆ.

ಹಾಗಾದರೆ ಪ್ಲಸೀಬೊ ಯಾವುದನ್ನು ಮಾಡಲಾರದು?

ಗಡ್ಡೆ ಕರಗಿಸುವುದಿಲ್ಲ. ಸತ್ತ ನರಕೋಶ ಬದುಕಿಸುವುದಿಲ್ಲ. ಮಿದುಳು ತಾನೇ ತಿರುಗಿಸಬಲ್ಲ ಗುಂಡಿಗಳನ್ನು ಮಾತ್ರ ಅದು ತಿರುಗಿಸುತ್ತದೆ. ಪಾರ್ಕಿನ್ಸನ್‌ನಲ್ಲೂ ಇರುವ ಡೋಪಮೈನ್ ಹೊರಬರುತ್ತದೆ ಅಷ್ಟೇ, ಕಾಯಿಲೆ ಒಳಗೆ ಮುಂದುವರಿಯುತ್ತಲೇ ಇರುತ್ತದೆ.

ನರರೋಗದ್ದಲ್ಲದಿದ್ದರೂ ಒಂದು ಉದಾಹರಣೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 2011ರಲ್ಲಿ ಅಮೆರಿಕದಲ್ಲಿ ಆಸ್ತಮಾ ಇರುವವರಿಗೆ ನಿಜವಾದ ಇನ್‌ಹೇಲರ್ ಮತ್ತು ಔಷಧಿಯಿಲ್ಲದ ಇನ್‌ಹೇಲರ್ ಎರಡನ್ನೂ ಬೇರೆಬೇರೆ ದಿನ ಕೊಟ್ಟರು. ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಆರಾಮ ಅನ್ನಿಸಿತು ಎಂದರು. ಊದಿಸಿ ಅಳೆದಾಗ, ನಿಜವಾದ ಔಷಧಿಯಲ್ಲಿ ಉಸಿರಿನ ಬಲ ಸುಮಾರು ಶೇ 20 ಏರಿತ್ತು, ಇನ್ನೊಂದರಲ್ಲಿ ಶೇ 7. ಆರಾಮ ಅನ್ನಿಸಿ ಮನೆಯಲ್ಲೇ ಉಳಿದರೆ ಪ್ರಾಣಕ್ಕೇ ಅಪಾಯ ಆಗಬಹುದಾದ ಕಾಯಿಲೆ ಅದು.

ಔಷಧಿ ಕೊಡುವ ಮೊದಲು ಹೇಗಿದ್ದರು, ಆಮೇಲೆ ಹೇಗಿದ್ದಾರೆ ಎಂದು ನೋಡಿದರೆ ಸಾಲದೇ? ಹೋಲಿಕೆಗೆ ಇನ್ನೊಂದು ಗುಂಪು ಯಾಕೆ?

ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಉತ್ತರವಾಗಿ ನಾನು ಯಾವಾಗಲೂ ಹೇಳುವುದು ಸ್ಫೆರಮೈನ್ ಎಂಬ ಚಿಕಿತ್ಸೆಯ ಕತೆ.

ಕಣ್ಣಿನ ಹಿಂಪದರದಲ್ಲಿ ಇರುವ ಒಂದು ಬಗೆಯ ಕೋಶಗಳು ಲೆವೊಡೋಪಾ ತಯಾರಿಸುತ್ತವೆ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿಯೂ ಅದೇ. ದಾನವಾಗಿ ಬಂದ ಕಣ್ಣುಗಳಿಂದ ಈ ಕೋಶಗಳನ್ನು ತೆಗೆದು, ಬೆಳೆಸಿ, ಜೆಲಾಟಿನ್‌ನ ಪುಟ್ಟ ಮಣಿಗಳಿಗೆ ಅಂಟಿಸಿ, ಮಿದುಳಿನೊಳಗೆ ಸರಿಯಾದ ಜಾಗದಲ್ಲಿ ಇಟ್ಟರೆ, ಅಲ್ಲೇ ಔಷಧಿ ತಯಾರಾಗುತ್ತದೆ ಎಂಬ ಯೋಚನೆ. ತುಂಬಾ ಒಳ್ಳೆಯ ಯೋಚನೆ. ಅಮೆರಿಕದಲ್ಲಿ ಮೊದಲು 6 ಜನರಿಗೆ ಮಾಡಿದರು. ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ಒಂದು ವರ್ಷದ ನಂತರ, ಔಷಧಿ ನಿಲ್ಲಿಸಿ ಚಲನೆ ಪರೀಕ್ಷಿಸಿದಾಗ, ಅಂಕಗಳು ಸರಾಸರಿ ಶೇ 48ರಷ್ಟು ಸುಧಾರಿಸಿದ್ದವು.

ಆ 6 ಜನರ ಮನೆಯವರ ಜಾಗದಲ್ಲಿ ನಿಂತು ನೋಡಿ. ಗುಂಡಿ ಹಾಕಿಕೊಳ್ಳಲು ಕಷ್ಟಪಡುತ್ತಿದ್ದವರು ಈಗ ಸಲೀಸಾಗಿ ಹಾಕಿಕೊಳ್ಳುತ್ತಿದ್ದಾರೆ. ಯಾರು ತಾನೇ ಅನುಮಾನಪಡುತ್ತಾರೆ?

ಆಮೇಲೆ ದೊಡ್ಡ ಟ್ರಯಲ್ ನಡೆಯಿತು, 71 ಜನ. ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೋಶಗಳನ್ನು ಇಟ್ಟರು. ಇನ್ನೊಂದಕ್ಕೆ ತೋರಿಕೆಯ ಆಪರೇಷನ್, ಕೋಶಗಳನ್ನು ಇಡಲಿಲ್ಲ. ಯಾವ ಗುಂಪು ಎಂಬುದು ರೋಗಿಗೂ ಗೊತ್ತಿಲ್ಲ, ಆಮೇಲೆ ಅಂಕ ಕೊಡುವ ಡಾಕ್ಟರಿಗೂ ಗೊತ್ತಿಲ್ಲ. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೋಶ ಪಡೆದವರು ಒಂದು ವರ್ಷದಲ್ಲಿ ಸುಮಾರು 10 ಅಂಕ ಸುಧಾರಿಸಿದ್ದರು. ಏನನ್ನೂ ಪಡೆಯದವರೂ ಸುಮಾರು 10 ಅಂಕವೇ ಸುಧಾರಿಸಿದ್ದರು.

ಎರಡನೇ ಗುಂಪು ಇಲ್ಲದಿದ್ದರೆ ಆ 10 ಅಂಕ ಪೂರ್ತಿ ಕೋಶಗಳ ಖಾತೆಗೆ ಹೋಗುತ್ತಿತ್ತು. ಸಾವಿರಾರು ಜನರ ತಲೆಬುರುಡೆ ಕೊರೆಯುತ್ತಿದ್ದರು. ಮನೆ ಮಾರಿ ದುಡ್ಡು ಹೊಂದಿಸುತ್ತಿದ್ದವರೂ ಇರುತ್ತಿದ್ದರು. ತೋರಿಕೆಯ ಆಪರೇಷನ್ ಕ್ರೂರ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ, ಅವರ ಜೊತೆ ಕೂತು ನಾನೂ ಯೋಚಿಸಿದ್ದೇನೆ. ಆದರೂ ತೋರಿಕೆಯ ಆಪರೇಷನ್ ಆದ 36 ಜನ ಒಪ್ಪಿ, ತಿಳಿದು, ಒಮ್ಮೆ ಆ ಅಪಾಯ ತೆಗೆದುಕೊಂಡದ್ದರಿಂದ ಉಳಿದವರೆಲ್ಲ ಉಳಿದುಕೊಂಡರು ಎಂದೇ ನನ್ನ ಅಭಿಪ್ರಾಯ.

ಪ್ಲಸೀಬೊ ಗುಂಪಿನವರು ಸುಧಾರಿಸಿದ್ದೆಲ್ಲ ಪ್ಲಸೀಬೊ ಪರಿಣಾಮವೇ?

ಅಲ್ಲ, ಮತ್ತು ಇಲ್ಲಿ ಪತ್ರಿಕೆಗಳು ಕೂಡ ಜಾಸ್ತಿ ಎಡವುತ್ತವೆ. ಒಬ್ಬರಿಗೆ ಮೈಗ್ರೇನ್ ಇದೆ ಅಂದುಕೊಳ್ಳಿ. ವರ್ಷದ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 6 ದಿನ ತಲೆನೋವು. ಕೆಲವು ತಿಂಗಳು 3, ಕೆಲವು ತಿಂಗಳು 10. ಅವರು ಯಾವ ತಿಂಗಳು ಟ್ರಯಲ್ ಹುಡುಕಿಕೊಂಡು ಬರುತ್ತಾರೆ? 10 ಬಂದ ತಿಂಗಳು. ಏನೂ ಮಾಡದಿದ್ದರೂ ಮುಂದಿನ ತಿಂಗಳು 6ರ ಹತ್ತಿರಕ್ಕೆ ಇಳಿಯುವ ಸಂಭವವೇ ಹೆಚ್ಚು. ಆ ಇಳಿಕೆಯಲ್ಲಿ ಎಂಡಾರ್ಫಿನ್‌ಗೆ ಕೆಲಸವಿಲ್ಲ. ಏರಿದ್ದು ಇಳಿಯಿತು, ಅಷ್ಟೇ.

ಇನ್ನೂ ಇದೆ. ಕೆಲವು ಕಾಯಿಲೆ ತಾನಾಗಿಯೇ ಸುಧಾರಿಸುತ್ತದೆ. ಟ್ರಯಲ್‌ಗೆ ಸೇರಿದ ಮೇಲೆ ನಿದ್ದೆ, ಊಟ, ಹಳೆ ಮಾತ್ರೆ ಎಲ್ಲವನ್ನೂ ಜನ ಸರಿಯಾಗಿ ಪಾಲಿಸುತ್ತಾರೆ. ಇದನ್ನೆಲ್ಲ ಬೇರ್ಪಡಿಸಿ ನಿರೀಕ್ಷೆಯ ಪಾಲನ್ನು ಮಾತ್ರ ತಿಳಿಯಬೇಕಾದರೆ ಏನನ್ನೂ ಕೊಡದ ಮೂರನೇ ಗುಂಪು ಬೇಕು. 2001ರಲ್ಲಿ ಡೆನ್ಮಾರ್ಕಿನ ಅಸ್ಬಿಯಾರ್ನ್ ಹ್ರೋಬ್ಯಾರ್ಟ್‌ಸನ್ ಮತ್ತು ಪೀಟರ್ ಗೋಟ್ಶೆ ಅಂಥ ಗುಂಪಿದ್ದ ಟ್ರಯಲ್‌ಗಳನ್ನು ಒಟ್ಟಿಗೆ ನೋಡಿದಾಗ, ಪ್ಲಸೀಬೊದ ಲಾಭ ಜನ ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಇತ್ತು. ನೋವಿನಂಥ ರೋಗಿಯೇ ಹೇಳಬೇಕಾದ ವಿಷಯಗಳಲ್ಲಿ ಸ್ವಲ್ಪ ಕಂಡಿತು, ಯಂತ್ರದಿಂದ ಅಳೆಯುವ ವಿಷಯಗಳಲ್ಲಿ ಕಾಣಲಿಲ್ಲ.

ಔಷಧಿಯ ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಮೂರನೇ ಗುಂಪು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಏರಿಳಿತ, ಆರೈಕೆ, ನಿರೀಕ್ಷೆ ಮೂರೂ ಎರಡೂ ಗುಂಪಿನಲ್ಲಿ ಸಮನಾಗಿರುತ್ತವೆ. ಉಳಿಯುವ ಅಂತರ ಔಷಧಿಯದು.

ಪಾರ್ಶ್ವವಾಯುವಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬಗ್ಗೆ 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ 624 ಜನರಿದ್ದರು. ಅದರ ಎರಡನೇ ಭಾಗದಲ್ಲಿ, ಮೂರು ತಿಂಗಳ ನಂತರ, ಒಂದು ಅಳತೆಯ ಪ್ರಕಾರ, ಔಷಧಿ ಪಡೆದವರಲ್ಲಿ ಶೇ 39 ಜನ ಹೆಚ್ಚುಕಮ್ಮಿ ಮೊದಲಿನಂತಾಗಿದ್ದರು. ಪ್ಲಸೀಬೊ ಪಡೆದವರಲ್ಲೂ ಶೇ 26 ಜನ ಹಾಗೆ ಆಗಿದ್ದರು. ಆ 26 ತಿಳಿಯದಿದ್ದರೆ 39 ಎಂಬ ಸಂಖ್ಯೆಗೆ ಅರ್ಥವೇ ಇಲ್ಲ. ಜೊತೆಗೆ ಮಿದುಳಿನೊಳಗೆ ರಕ್ತ ಸೋರಿ ತೊಂದರೆಯಾದದ್ದು ಔಷಧಿ ಗುಂಪಿನಲ್ಲಿ ಶೇ 6.4, ಪ್ಲಸೀಬೊ ಗುಂಪಿನಲ್ಲಿ ಶೇ 0.6. ಔಷಧಿಯ ಲಾಭವನ್ನು ತೋರಿಸಿದ ಗುಂಪೇ ಅದರ ಅಪಾಯವನ್ನೂ ತೋರಿಸಿತು.

ಡಾಕ್ಟರಿಗೂ ಯಾಕೆ ಗೊತ್ತಿರಬಾರದು?

ಪಾರ್ಕಿನ್ಸನ್ ಪರೀಕ್ಷೆ ಹೇಗೆ ನಡೆಯುತ್ತದೆ ಹೇಳುತ್ತೇನೆ. ಹೆಬ್ಬೆರಳಿಗೆ ತೋರುಬೆರಳನ್ನು ಆದಷ್ಟು ಅಗಲವಾಗಿ, ಬೇಗಬೇಗ ಹತ್ತು ಸಲ ತಟ್ಟಬೇಕು. ಡಾಕ್ಟರ್ ನೋಡಿ 0ರಿಂದ 4ರವರೆಗೆ ಅಂಕ ಕೊಡುತ್ತಾರೆ. ವೇಗ ಸ್ವಲ್ಪ ತಗ್ಗಿತೇ, ಸಾಧಾರಣ ತಗ್ಗಿತೇ? ಒಂದು, ಎರಡರ ನಡುವೆ ಕಣ್ಣಂದಾಜೇ ಗತಿ. ಈ ರೋಗಿಗೆ ಹೊಸ ಔಷಧಿ ಬಂದಿದೆ ಎಂದು ಡಾಕ್ಟರಿಗೆ ಗೊತ್ತಿದ್ದರೆ, ಎಷ್ಟೇ ಪ್ರಾಮಾಣಿಕರಾದರೂ ಕಣ್ಣು ಒಂದು ಕಡೆ ವಾಲುತ್ತದೆ. ಇಂಥ ಹಲವು ಅಂಶ ಕೂಡಿಸಿದರೆ ಕೆಲವು ಅಂಕ ಸುಮ್ನೆ ಏರಿಬಿಡುತ್ತವೆ.

ನಿವೃತ್ತ ಮೇಷ್ಟ್ರೊಬ್ಬರು ಮಂಡ್ಯ ಕಡೆಯಿಂದ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಪೆನ್ನು. ಬೆರಳು ತಟ್ಟುವಾಗ ಮುಖ ಬಿಗಿ ಹಿಡಿದು ಹತ್ತೂ ಸಲ ಚೆನ್ನಾಗಿ ತಟ್ಟುತ್ತಿದ್ದರು. ಅವರ ಹೆಂಡತಿ ಹೊರಗೆ ಬಂದು ನನ್ನ ಕಿವಿಯಲ್ಲಿ, "ಮನೇಲಿ ಹಿಂಗೆ ಮಾಡೋದೇ ಇಲ್ಲ ಕಣಮ್ಮ, ಇಲ್ಲಿಗೆ ಬಂದ್ರೆ ಮಾತ್ರ" ಅಂದರು. ಅವರು ಮೋಸ ಮಾಡುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲು, ಡಾಕ್ಟರ ಮುಖ, ಹೊಸ ಔಷಧಿಯ ಆಸೆ, ಎಲ್ಲ ಸೇರಿ ಆ ಹತ್ತು ನಿಮಿಷಕ್ಕೆ ಬೇಕಾದ ಡೋಪಮೈನ್ ಎಲ್ಲಿಂದಲೋ ಒದಗುತ್ತಿತ್ತು ಎಂದು ನಾನು ಅಂದುಕೊಂಡಿದ್ದೇನೆ.

ಮೂರ್ಛೆರೋಗ ಇರುವವರಿಗೆ ಬರೀ ಹಿಟ್ಟಿನ ಮಾತ್ರೆ ಕೊಡುವುದು ತಪ್ಪಲ್ವಾ?

ಬರೀ ಅದನ್ನೇ ಕೊಟ್ಟರೆ ತಪ್ಪು. ಅದಕ್ಕೇ ಮೂರ್ಛೆರೋಗದ ಟ್ರಯಲ್‌ಗಳು ಸಾಮಾನ್ಯವಾಗಿ ಈಗಿನ ಮಾತ್ರೆಯ ಮೇಲೆ ಇನ್ನೊಂದನ್ನು ಸೇರಿಸುವ ರೀತಿಯಲ್ಲಿ ನಡೆಯುತ್ತವೆ. ಹಳೆ ಮಾತ್ರೆ ಎರಡೂ ಗುಂಪಿಗೆ ಹಾಗೇ ಮುಂದುವರಿಯುತ್ತದೆ. ಹೊಸದಾಗಿ ಸೇರುವುದು ಮಾತ್ರ ಔಷಧಿಯೋ ಪ್ಲಸೀಬೊವೋ. ಮೈಗ್ರೇನ್ ಟ್ರಯಲ್‌ಗಳಲ್ಲಿ ಇಷ್ಟು ಹೊತ್ತಾದರೂ ನೋವು ಇಳಿಯದಿದ್ದರೆ ತೆಗೆದುಕೊಳ್ಳಿ ಎಂದು ಬೇರೆ ನೋವಿನ ಮಾತ್ರೆ ಕೊಟ್ಟಿರುತ್ತಾರೆ.

ನಮ್ಮ ದೇಶದಲ್ಲಿ 2019ರ ನಿಯಮಗಳು ಈ ವಿಷಯವನ್ನು ನೇರವಾಗಿ ಮುಟ್ಟುತ್ತವೆ. ರೂಢಿಯ ಚಿಕಿತ್ಸೆ ಸಿಗುತ್ತಿದ್ದೂ ಅದನ್ನು ಕೊಡದೆ ಪ್ಲಸೀಬೊ ಕೊಟ್ಟು, ಅದರಿಂದ ತೊಂದರೆಯಾದರೆ, ಪರಿಹಾರ ಕೊಡಬೇಕಾಗುತ್ತದೆ. ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: "ನನ್ನ ಈಗಿನ ಮಾತ್ರೆ ನಿಲ್ಲಿಸುತ್ತೀರಾ?" "ಜಾಸ್ತಿಯಾದರೆ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು?"

ಅತ್ತೆಗೆ ಮಂಡಿನೋವು. ನೋವಿನ ಮಾತ್ರೆ ಅಂತ ಹೇಳಿ ವಿಟಮಿನ್ ಮಾತ್ರೆ ಕೊಡಬಹುದಾ?

ಬೇಡಿ. ಗೊತ್ತಾದ ದಿನ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಆಮೇಲೆ ನಿಜವಾದ ಮಾತ್ರೆ ಕೊಟ್ಟರೂ ಅನುಮಾನ. ಮೇಲೆ ಹೇಳಿದ 64 ನೆನಪಿಸಿಕೊಳ್ಳಿ. ಸುಳ್ಳು ಹೇಳುವ ಅಗತ್ಯವೂ ಇಲ್ಲ. ಡಾಕ್ಟರ್ ಬರೆದ ಮಾತ್ರೆಯನ್ನೇ ಕೈಗೆ ಕೊಟ್ಟು, ಪಕ್ಕ ಕೂತು, "ಇದು ಅರ್ಧ ಗಂಟೆಯಲ್ಲಿ ನೋವಿಗೆ ಹಿಡಿಯುತ್ತೆ ಅತ್ತೆ" ಎಂದು ಹೇಳಿ. ಮಂಚದ ತುದಿಯಲ್ಲಿ ನೀರಿನ ಲೋಟದ ಜೊತೆ ಇಟ್ಟು ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಟ್ಯೂರಿನ್‌ನಲ್ಲಿ ಯಂತ್ರ ಕೊಟ್ಟದ್ದಕ್ಕೂ ಡಾಕ್ಟರ್ ಹೇಳಿ ಕೊಟ್ಟದ್ದಕ್ಕೂ ಇದ್ದ ವ್ಯತ್ಯಾಸ ಅದೇ.

ಟ್ರಯಲ್ ಮುಗಿದ ಮೇಲೆ ನನಗೆ ಏನು ಬಂದಿತ್ತು ಎಂದು ಹೇಳುತ್ತಾರೆಯೇ?

ನಡುವೆ ಹೇಳುವುದಿಲ್ಲ. ಜೀವಕ್ಕೆ ಅಪಾಯ ಬಂದು, ಏನು ಕೊಟ್ಟಿದ್ದಾರೆ ಎಂದು ತಿಳಿಯದೆ ಚಿಕಿತ್ಸೆ ಮಾಡಲಾಗದಿದ್ದರೆ ಮಾತ್ರ ಆ ಒಬ್ಬರ ಗುಟ್ಟು ಬಿಡಿಸಿ ನೋಡುತ್ತಾರೆ. ಉಳಿದಂತೆ ಕೊನೆಯ ರೋಗಿಯ ಲೆಕ್ಕ ಮುಗಿಯುವವರೆಗೆ ಕಾಯಬೇಕು. ಆಮೇಲೆ ಕೇಳಿ. ಹೇಳುತ್ತಾರಾ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನವೇ ವಿಚಾರಿಸಿಕೊಂಡರೆ ಒಳ್ಳೆಯದು.

ಮೇಷ್ಟ್ರು ಕೇಳಿದ್ದರು. ಅವರಿಗೆ ಬಂದದ್ದು ಪ್ಲಸೀಬೊ. ಹೇಳುವಾಗ ನನಗೆ ಕೈ ನಡುಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಲಗೈಯನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳಿಗೆ ತೋರುಬೆರಳು ತಟ್ಟಿ ನೋಡಿಕೊಂಡರು. ಆಮೇಲೆ, "ಹಾಗಾದ್ರೆ ಆ ಮೊದಲ ನಾಲ್ಕು ತಿಂಗಳು ನಡೆದಾಡಿದ್ದು ನಾನೇ ಅಲ್ವೇನಮ್ಮ?" ಎಂದು ಕೇಳಿದರು. ಹೌದು ಸರ್, ನೀವೇ ಅಂದೆ.